ಕಿತ್ತಳೆ ಬಣ್ಣ ಹೇಳುವ ಕ್ರಿಯಾಟಿನಿನ್ ಎಷ್ಟು ನಿಜ?

ಹತ್ತೊಂಬತ್ತು ವರ್ಷದ ಹುಡುಗಿ. ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಜ್ವರ ಬಂದು ಊಟ ಸೇರದೆ ಎರಡು ದಿನ ಇನ್ಸುಲಿನ್ ಬಿಟ್ಟಿದ್ದಾಳೆ. ಮೂರನೆಯ ದಿನ ವಾಂತಿ, ಏದುಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ. ತುರ್ತು ಚಿಕಿತ್ಸಾ ಘಟಕದಲ್ಲಿ ರಕ್ತ ತೆಗೆದು ಪರೀಕ್ಷಿಸಿದರೆ ಕ್ರಿಯಾಟಿನಿನ್ 2.4 ಮಿಲಿಗ್ರಾಂ. ಈ ವಯಸ್ಸಿನ ಹುಡುಗಿಗೆ 1 ದಾಟಿದರೇ ಹೆಚ್ಚು. ಮೂತ್ರಪಿಂಡಕ್ಕೂ ಏಟು ಬಿದ್ದಿದೆ ಎಂದು ಮನೆಯವರು ಕಂಗಾಲು.

ಅದೇ ರಿಪೋರ್ಟಿನಲ್ಲಿ ಇನ್ನೊಂದು ಸಾಲಿತ್ತು: ಯೂರಿಯಾ 36. ಸಾಮಾನ್ಯವಾಗಿ ಇದು 15ರಿಂದ 40ರೊಳಗೆ ಇರುತ್ತದೆ. ಮೈಯ ನೀರಿನಂಶ ಬತ್ತಿ ಮೂತ್ರಪಿಂಡ ಸೋತಿದ್ದರೆ ಯೂರಿಯಾ ಕ್ರಿಯಾಟಿನಿನ್ನಿಗಿಂತ ಮುಂದೆ ಓಡಬೇಕು. ಇಲ್ಲಿ ಒಂದು ಏರಿ ಕೂತಿದೆ, ಇನ್ನೊಂದು ಅಲುಗಿಲ್ಲ. ಅನುಮಾನಗೊಂಡು ಅದೇ ರಕ್ತದ ಉಳಿದ ಸೀರಮ್ಮನ್ನು ಬೇರೊಂದು ವಿಧಾನದಲ್ಲಿ ಅಳೆದರೆ ಕ್ರಿಯಾಟಿನಿನ್ 1.1.

ಇದು ಒಬ್ಬ ರೋಗಿಯ ಕಥೆಯಲ್ಲ. ಲ್ಯಾಬುಗಳು ಬಲ್ಲ ಸಂಗತಿಗಳನ್ನು ಜೋಡಿಸಿ ಕಟ್ಟಿದ ಉದಾಹರಣೆ. ಒಂದೇ ರಕ್ತ, ಒಂದೇ ಹೊತ್ತು, ಎರಡು ಉತ್ತರ ಹೇಗೆ ಸಾಧ್ಯ ಎಂಬುದಕ್ಕೆ ಉತ್ತರ ನೂರಮೂವತ್ತು ವರ್ಷಕ್ಕೂ ಹಳೆಯ ಒಂದು ಬಣ್ಣದಲ್ಲಿದೆ.

ಜಾಫೆ ಕಂಡ ಬಣ್ಣ

ಕ್ರಿಯಾಟಿನಿನ್ ನಮ್ಮ ಸ್ನಾಯುಗಳಲ್ಲಿ ಹುಟ್ಟುವ ಕಸ. ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹುಟ್ಟಿ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡ ಅದನ್ನು ಸೋಸಿ ಹೊರಹಾಕುತ್ತದೆ. ಸೋಸುವುದು ಕುಂದಿದರೆ ರಕ್ತದಲ್ಲಿ ಅದು ಏರುತ್ತದೆ. ಆದರೆ ಕ್ರಿಯಾಟಿನಿನ್ನಿಗೆ ತನ್ನದೇ ಬಣ್ಣವಿಲ್ಲ. ಕಾಣದ ಅದನ್ನು ಅಳೆಯಬೇಕಾದರೆ ಮೊದಲು ಕಾಣುವ ಹಾಗೆ ಮಾಡಬೇಕು.

ಕೋನಿಗ್ಸ್‌ಬರ್ಗ್‌ನಲ್ಲಿದ್ದ ಮ್ಯಾಕ್ಸ್ ಜಾಫೆ 1886ರಲ್ಲಿ ಆ ದಾರಿ ತೋರಿಸಿದರು. ಕ್ಷಾರದ ದ್ರಾವಣದಲ್ಲಿ ಪಿಕ್ರಿಕ್ ಆಮ್ಲವೂ ಕ್ರಿಯಾಟಿನಿನ್ನೂ ಸೇರಿದರೆ ಹಳದಿ ದ್ರಾವಣ ಕೆಂಪು ಛಾಯೆಯ ಕಿತ್ತಳೆಗೆ ತಿರುಗುತ್ತದೆ ಎಂದು ಅವರು ಕಂಡರು. 1904ರಲ್ಲಿ ಅಮೆರಿಕದ ಓಟೋ ಫೋಲಿನ್ ಆ ಬಣ್ಣದ ಗಾಢತೆಯನ್ನು ಅಳೆದು ಮೂತ್ರದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂದು ಲೆಕ್ಕ ಹಾಕುವ ವಿಧಾನ ರೂಪಿಸಿದರು. ಮುಂದೆ ಅದೇ ವಿಧಾನ ರಕ್ತಕ್ಕೂ ಬಂತು. ಬೇಕಾದದ್ದು ಎರಡೇ ಅಗ್ಗದ ರಾಸಾಯನಿಕ: ಪಿಕ್ರಿಕ್ ಆಮ್ಲ ಮತ್ತು ಕಾಸ್ಟಿಕ್ ಸೋಡಾ. ಆದ್ದರಿಂದಲೇ ಇಂದಿಗೂ ಲೆಕ್ಕವಿಲ್ಲದಷ್ಟು ಲ್ಯಾಬುಗಳಲ್ಲಿ ನಡೆಯುವುದು ಇದೇ ಪರೀಕ್ಷೆ. ರಿಪೋರ್ಟಿನಲ್ಲಿ ಪರೀಕ್ಷೆಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಜಾಫೆ’ ಅಥವಾ ‘ಆಲ್ಕಲೈನ್ ಪಿಕ್ರೇಟ್’ ಎಂದಿದ್ದರೆ ಅದು ಇದೇ.

ಸಣ್ಣ ಲ್ಯಾಬಿನಲ್ಲಿ ನಡೆಯುವ ಕೆಲಸವನ್ನು ಹತ್ತಿರದಿಂದ ನೋಡೋಣ. ಪಿಕ್ರಿಕ್ ಆಮ್ಲ ಮತ್ತು ಕ್ಷಾರ ಬೆರೆಸಿದ ಒಂದು ಮಿಲಿಲೀಟರ್ ದ್ರಾವಣವನ್ನು 37 ಡಿಗ್ರಿಗೆ ಬಿಸಿ ಮಾಡಿ, ಅದಕ್ಕೆ 0.1 ಮಿಲಿಲೀಟರ್ ಸೀರಮ್ ಹಾಕುತ್ತಾರೆ. ಬೆರೆಸಿದ 20ನೇ ಸೆಕೆಂಡಿಗೆ ಒಂದು ಸಲ, 80ನೇ ಸೆಕೆಂಡಿಗೆ ಇನ್ನೊಂದು ಸಲ ಯಂತ್ರ ಬಣ್ಣವನ್ನು ಓದುತ್ತದೆ. ಈ ಒಂದು ನಿಮಿಷದಲ್ಲಿ ಬಣ್ಣ ಎಷ್ಟು ಏರಿತು ಎಂಬುದೇ ಅಳತೆ. 2 ಮಿಲಿಗ್ರಾಂ ಕ್ರಿಯಾಟಿನಿನ್ ಇದೆಯೆಂದು ಮೊದಲೇ ಗೊತ್ತಿರುವ ದ್ರಾವಣದಲ್ಲಿ ಏರಿಕೆ 0.050 ಎಂದುಕೊಳ್ಳಿ. ನಮ್ಮ ಹುಡುಗಿಯ ಸೀರಮ್ಮಿನಲ್ಲಿ 0.060 ಬಂತು. 0.060ನ್ನು 0.050ರಿಂದ ಭಾಗಿಸಿ 2ರಿಂದ ಗುಣಿಸಿದರೆ 2.4. ಲೆಕ್ಕದಲ್ಲಿ ತಪ್ಪಿಲ್ಲ, ಯಂತ್ರದಲ್ಲೂ ತಪ್ಪಿಲ್ಲ. ತಪ್ಪಿರುವುದು ಆ ಬಣ್ಣವೆಲ್ಲ ಕ್ರಿಯಾಟಿನಿನ್ನಿನದೇ ಎಂದು ನಂಬಿದ್ದರಲ್ಲಿ.

ಬಣ್ಣಕ್ಕೆ ಪಾಲುದಾರರು

ಕ್ಷಾರದಲ್ಲಿರುವ ಪಿಕ್ರಿಕ್ ಆಮ್ಲ ಕ್ರಿಯಾಟಿನಿನ್ನನ್ನು ಮಾತ್ರ ಆರಿಸಿಕೊಳ್ಳುವುದಿಲ್ಲ. ರಕ್ತದ ಪ್ರೋಟೀನು, ಗ್ಲೂಕೋಸ್, ಪೈರುವೇಟ್, ಸಿ ಜೀವಸತ್ವ, ಸೆಫಾಕ್ಸಿಟಿನ್‌ನಂಥ ಕೆಲವು ಆಂಟಿಬಯಾಟಿಕ್, ಇವೆಲ್ಲ ಒಂದಿಷ್ಟು ಬಣ್ಣ ಕೊಡಬಲ್ಲವು. ಎಲ್ಲಕ್ಕಿಂತ ಜೋರಾಗಿ ನುಗ್ಗುವುದು ಅಸಿಟೊಅಸಿಟೇಟ್. ಇನ್ಸುಲಿನ್ ಇಲ್ಲದಾಗ ಮೈ ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಕರಗಿಸುತ್ತದೆ. ಆಗ ರಕ್ತದಲ್ಲಿ ತುಂಬಿಕೊಳ್ಳುವ ಕೀಟೋನುಗಳಲ್ಲಿ ಇದೂ ಒಂದು. ಹುಡುಗಿಯ 0.060ರಲ್ಲಿ ಕ್ರಿಯಾಟಿನಿನ್ನಿನ ಪಾಲು ಸುಮಾರು 0.028 ಮಾತ್ರ. ಉಳಿದ ಬಣ್ಣದ ಬಹುಪಾಲು ಕೀಟೋನಿನದು.

ಹಾಗಾದರೆ 20ನೇ ಸೆಕೆಂಡಿನವರೆಗೆ ಕಾದದ್ದು ಏಕೆ? ಇದೇ ಕಾಟವನ್ನು ತಪ್ಪಿಸಲು. ಅಸಿಟೊಅಸಿಟೇಟ್ ಅವಸರದ್ದು, ಅದರ ಪ್ರತಿಕ್ರಿಯೆ ಹೆಚ್ಚಾಗಿ ಮೊದಲ 20 ಸೆಕೆಂಡಿನಲ್ಲೇ ಮುಗಿಯುತ್ತದೆ. ಪ್ರೋಟೀನು ನಿಧಾನಿ, 80 ಸೆಕೆಂಡು ಕಳೆದ ಮೇಲೆ ಅದರ ಬಣ್ಣ ಬಲಗೊಳ್ಳುತ್ತದೆ. ನಡುವಿನ ಒಂದು ನಿಮಿಷದಲ್ಲಿ ಕ್ರಿಯಾಟಿನಿನ್ನಿನದೇ ಮೇಲುಗೈ. ‘ಕೈನೆಟಿಕ್ ಜಾಫೆ’ ಎನ್ನುವುದು ಈ ಜಾಣ ಉಪಾಯವನ್ನೇ. ಸಾಮಾನ್ಯ ರಕ್ತದಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಕೀಟೋನು ಉಕ್ಕಿರುವ ರಕ್ತದಲ್ಲಿ 20 ಸೆಕೆಂಡಿನ ನಂತರವೂ ಅದರ ಬಾಲ ಉಳಿದಿರುತ್ತದೆ. ಕಾಟ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಯೂರಿಯಾ ಏಕೆ ಸುಳ್ಳು ಹೇಳಲಿಲ್ಲ ಎಂಬುದೂ ಇಲ್ಲೇ ತಿಳಿಯುತ್ತದೆ. ಅದನ್ನು ಅಳೆಯುವುದು ಯೂರಿಯೇಸ್ ಎಂಬ ಕಿಣ್ವದಿಂದ, ಪಿಕ್ರಿಕ್ ಆಮ್ಲಕ್ಕೆ ಅಲ್ಲಿ ಕೆಲಸವಿಲ್ಲ. ಹಾಗಾಗಿ ಎರಡು ಸಂಖ್ಯೆಗಳು ಒಂದಕ್ಕೊಂದು ಹೊಂದದಿದ್ದಾಗ ವಿಧಾನದ ಮೇಲೆ ಅನುಮಾನಪಡುವುದು ಸರಿ. ಮಾರನೆಯ ದಿನ ಜಾಫೆ ಕ್ರಿಯಾಟಿನಿನ್ 1ಕ್ಕೆ ಇಳಿದರೆ ಅದೊಂದೇ ಪುರಾವೆಯಾಗದು. ಇನ್ಸುಲಿನ್ನಿನಿಂದ ಕೀಟೋನು ಕರಗಿರುತ್ತದೆ ನಿಜ, ಆದರೆ ಡ್ರಿಪ್ಪಿನಿಂದ ನೀರು ಸೇರಿ ನಿಜವಾದ ಕ್ರಿಯಾಟಿನಿನ್ ಕೂಡ ಇಳಿದಿರಬಹುದು. ಅದೇ ಸೀರಮ್ಮನ್ನು ಬೇರೆ ವಿಧಾನದಲ್ಲಿ ಅಳೆಯುವುದೊಂದೇ ಖಚಿತ ದಾರಿ.

ಈ ವ್ಯತ್ಯಾಸ ಬರೀ ಕಾಗದದ ಮೇಲಿನದಲ್ಲ. ಇಂಥ ರೋಗಿಗೆ ಬೇಗ ಬೇಗ ಸಲೈನು, ಲೆಕ್ಕವಿಟ್ಟು ಪೊಟ್ಯಾಸಿಯಂ ಕೊಡಬೇಕು. ಮೂತ್ರಪಿಂಡ ಸೋತಿದೆ ಎಂದುಕೊಂಡ ವೈದ್ಯರು ಎರಡರಲ್ಲೂ ಕೈ ಬಿಗಿಹಿಡಿಯುತ್ತಾರೆ.

ಕಾಮಾಲೆಯಲ್ಲಿ ಉಲ್ಟಾ ಸುಳ್ಳು

ಕೀಟೋನು ಇಲ್ಲದ ರೋಗವನ್ನು ತೋರಿಸಿದರೆ, ಕಾಮಾಲೆ ಇರುವ ರೋಗವನ್ನು ಮುಚ್ಚಬಲ್ಲದು. ಕಾಮಾಲೆಯಲ್ಲಿ ರಕ್ತವನ್ನು ಹಳದಿ ಮಾಡುವ ಬಿಲಿರುಬಿನ್ ಕ್ಷಾರ ಸೋಕಿದೊಡನೆ ನಿಧಾನವಾಗಿ ಹಸಿರು ಬಿಲಿವರ್ಡಿನ್ ಆಗತೊಡಗುತ್ತದೆ. ಕ್ರಿಯಾಟಿನಿನ್ನಿನಿಂದ ಕಿತ್ತಳೆ ಏರುತ್ತಿರುವ ಅದೇ ನಿಮಿಷದಲ್ಲಿ ಬಿಲಿರುಬಿನ್ನಿನ ಬಣ್ಣ ಇಳಿಯುತ್ತಿರುತ್ತದೆ. ಯಂತ್ರಕ್ಕೆ ಸಿಗುವುದು ಏರಿಕೆಯಲ್ಲಿ ಇಳಿಕೆ ಕಳೆದು ಉಳಿದದ್ದು. ಹಾಗಾಗಿ ನಿಜಕ್ಕಿಂತ ಕಡಿಮೆ ಸಂಖ್ಯೆ ಬರುತ್ತದೆ.

ಯಕೃತ್ತು ಕೆಟ್ಟವರಿಗೆ ಇದು ದೊಡ್ಡ ಮಾತು. ಯಕೃತ್ತಿನ ಕಸಿಗೆ ಯಾರನ್ನು ಮೊದಲು ಕರೆಯಬೇಕೆಂದು ನಿರ್ಧರಿಸಲು ಬಳಸುವ ‘ಮೆಲ್ಡ್’ ಅಂಕದಲ್ಲಿ ಬಿಲಿರುಬಿನ್ನೂ ಇದೆ, ಕ್ರಿಯಾಟಿನಿನ್ನೂ ಇದೆ. ಬಿಲಿರುಬಿನ್ ಹೆಚ್ಚಿದಷ್ಟೂ ಕ್ರಿಯಾಟಿನಿನ್ ಸುಳ್ಳಾಗಿ ತಗ್ಗಿದರೆ, ಕಾಯಿಲೆ ಬಲಿತವರ ಅಂಕವೇ ಕಡಿಮೆಯಾಗುವ ಅಪಾಯವಿದೆ. ಇದಕ್ಕೆ ಕೆಲವು ಯಂತ್ರಗಳು ಮೊದಲು ಕ್ಷಾರವನ್ನಷ್ಟೇ ಹಾಕಿ, ಬಿಲಿರುಬಿನ್ನಿನ ಇಳಿಕೆಯ ವೇಗವನ್ನು ಅಳೆದುಕೊಂಡು, ಪಿಕ್ರಿಕ್ ಆಮ್ಲ ಹಾಕಿದ ಮೇಲೆ ಲೆಕ್ಕದಲ್ಲಿ ಸರಿಪಡಿಸುತ್ತವೆ. ಕಾಮಾಲೆ ತೀವ್ರವಾಗಿದ್ದರೆ ಅದೂ ಸಾಲದೆ ಹೋಗಬಹುದು.

ಇನ್ನೊಂದು ತಿದ್ದುಪಡಿ ಪ್ರೋಟೀನಿನದು. ಅದರ ಬಣ್ಣಕ್ಕೆಂದು ಹಲವು ಕಂಪನಿಗಳ ಕಿಟ್ಟುಗಳು ಪ್ರತಿ ಫಲಿತಾಂಶದಿಂದ ಸುಮಾರು 0.2ರಿಂದ 0.3 ಮಿಲಿಗ್ರಾಂ ಕಳೆದುಬಿಡುತ್ತವೆ. ದೊಡ್ಡವರ ರಕ್ತಕ್ಕೆ ಈ ಲೆಕ್ಕ ಸರಿ. ನವಜಾತ ಶಿಶುವಿನ ರಕ್ತದಲ್ಲಿ ಪ್ರೋಟೀನೂ ಕಡಿಮೆ, ಕೆಲವು ವಾರ ಕಳೆದರೆ ಕ್ರಿಯಾಟಿನಿನ್ನೂ 0.3ರ ಆಸುಪಾಸಿಗೆ ಇಳಿದಿರುತ್ತದೆ. ಅದರಿಂದ 0.3 ಕಳೆದರೆ ಉಳಿಯುವುದೇನು?

ಕಿಣ್ವದ ದಾರಿ

ಹುಡುಗಿಯ ಸೀರಮ್ಮಿನಲ್ಲಿ 1.1 ತೋರಿಸಿದ್ದು ಕಿಣ್ವದ ವಿಧಾನ. ರಿಪೋರ್ಟಿನಲ್ಲಿ ಇದನ್ನು ‘ಎನ್‌ಜೈಮ್ಯಾಟಿಕ್’ ಎಂದು ಬರೆದಿರುತ್ತಾರೆ. ಇಲ್ಲಿ ಕ್ರಿಯಾಟಿನಿನ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಹೋಗುತ್ತದೆ. ಕ್ರಿಯಾಟಿನಿನೇಸ್ ಎಂಬ ಕಿಣ್ವ ಅದನ್ನು ಕ್ರಿಯಾಟಿನ್ ಮಾಡುತ್ತದೆ. ಕ್ರಿಯಾಟಿನೇಸ್ ಆ ಕ್ರಿಯಾಟಿನ್ನನ್ನು ಒಡೆದು ಸಾರ್ಕೊಸಿನ್ ಮತ್ತು ಯೂರಿಯಾ ಮಾಡುತ್ತದೆ. ಸಾರ್ಕೊಸಿನ್ ಆಕ್ಸಿಡೇಸ್ ಸಾರ್ಕೊಸಿನ್ನಿನಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಕೊನೆಗೆ ಪೆರಾಕ್ಸಿಡೇಸ್ ಆ ಪೆರಾಕ್ಸೈಡಿನಿಂದ ಬಣ್ಣ ತರುತ್ತದೆ. ರಕ್ತದಲ್ಲಿ ಮೊದಲೇ ಇದ್ದ ಕ್ರಿಯಾಟಿನ್ನನ್ನು ಮೊದಲ ದ್ರಾವಣದಲ್ಲೇ ತೀರಿಸಿಬಿಟ್ಟು, ಆಮೇಲಷ್ಟೇ ಕ್ರಿಯಾಟಿನಿನೇಸ್ ಸೇರಿಸುತ್ತಾರೆ. ಅಸಿಟೊಅಸಿಟೇಟ್‌ಗೆ, ಗ್ಲೂಕೋಸಿಗೆ, ಪ್ರೋಟೀನಿಗೆ ಈ ಸಾಲಿನಲ್ಲಿ ಪ್ರವೇಶವಿಲ್ಲ.

ಮೂತ್ರಪಿಂಡ ರೋಗಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಸಂಸ್ಥೆಯಾದ ‘ಕೆಡಿಗೊ’ ಸಾಧ್ಯವಾದಲ್ಲಿ ಕಿಣ್ವದ ವಿಧಾನವೇ ಇರಲಿ ಎನ್ನುತ್ತದೆ. ಎಲ್ಲ ಲ್ಯಾಬೂ ಅದಕ್ಕೆ ಬದಲಾಗದಿರಲು ಮುಖ್ಯ ಕಾರಣ ಬೆಲೆ. ಒಂದು ಪರೀಕ್ಷೆಯ ರಾಸಾಯನಿಕಕ್ಕೆ ಜಾಫೆಗಿಂತ ಹಲವು ಪಟ್ಟು ಹೆಚ್ಚು ಖರ್ಚು ಬೀಳುತ್ತದೆ.

ಕಿಣ್ವದ ವಿಧಾನವೂ ಮೋಸಹೋಗದೆ ಇಲ್ಲ. ಅದರ ದುರ್ಬಲ ಜಾಗ ಕೊನೆಯ ಹಂತ. ಪೆರಾಕ್ಸೈಡನ್ನು ನಡುವೆಯೇ ಕಬಳಿಸುವ ವಸ್ತು ರಕ್ತದಲ್ಲಿದ್ದರೆ ಬಣ್ಣ ಕಡಿಮೆ ಹುಟ್ಟುತ್ತದೆ, ಕ್ರಿಯಾಟಿನಿನ್ ಸುಳ್ಳಾಗಿ ತಗ್ಗುತ್ತದೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ನರಪೊರೆಗೆ ತೊಂದರೆಯಾದವರಿಗೂ ಮೂಲವ್ಯಾಧಿಗೂ ಕೊಡುವ ಕ್ಯಾಲ್ಸಿಯಂ ಡೊಬೆಸಿಲೇಟ್ ಮಾತ್ರೆ ಹೀಗೆ ಮಾಡುತ್ತದೆ. ಐಸಿಯುನಲ್ಲಿ ಡೋಪಮಿನ್, ಡೊಬುಟಮಿನ್ ಹರಿಯುತ್ತಿರುವ ನಳಿಕೆಯಿಂದಲೇ ರಕ್ತ ತೆಗೆದರೂ ಇದೇ ಆಗುತ್ತದೆ. ಆ ಮಾತ್ರೆ ತಿನ್ನುವವರ ಮಟ್ಟಿಗೆ ಹಳೆಯ ಜಾಫೆಯೇ ಹೆಚ್ಚು ನಂಬಿಕಸ್ಥ.

ನಾವು ನೋಡಬೇಕಾದ್ದು

ಸಣ್ಣ ವ್ಯತ್ಯಾಸವೂ ಎಷ್ಟು ಎಳೆದಾಡುತ್ತದೆ ನೋಡಿ. ಅರವತ್ತು ವರ್ಷದ ಗಂಡಸಿನ ಕ್ರಿಯಾಟಿನಿನ್ 1.2 ಇದ್ದರೆ, ಈಗ ಬಳಕೆಯಲ್ಲಿರುವ 2021ರ ಸೂತ್ರದ ಪ್ರಕಾರ ಮೂತ್ರಪಿಂಡದ ಸೋಸುವ ಶಕ್ತಿ ಸುಮಾರು 69. ಅದೇ 1.4 ಆದರೆ ಸುಮಾರು 58. ಇದು 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತರೆ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎಂದು ಹೆಸರಿಡುತ್ತಾರೆ. ಕೇವಲ 0.2ರ ಅಂತರದಿಂದ ಒಬ್ಬ ಮನುಷ್ಯ ಗೆರೆಯ ಈಚೆಯಿಂದ ಆಚೆಗೆ ಹೋಗುತ್ತಾನೆ. ಒಂದು ತಿಂಗಳು ಜಾಫೆ, ಇನ್ನೊಂದು ತಿಂಗಳು ಕಿಣ್ವ ಎಂದು ಲ್ಯಾಬು ಬದಲಿಸಿದರೆ ಆ 0.2 ಮೂತ್ರಪಿಂಡದ್ದೋ ವಿಧಾನದ್ದೋ ಹೇಳಲಾಗದು.

ಹಾಗೆಂದು ಜಾಫೆ ವಿಧಾನದ ರಿಪೋರ್ಟನ್ನು ಎಸೆಯಬೇಕಿಲ್ಲ. ಕೀಟೋನು, ಕಾಮಾಲೆ ಇಲ್ಲದ ದೊಡ್ಡವರಲ್ಲಿ ಏರಿಳಿತವನ್ನು ಗಮನಿಸಲು ಅದು ಸಾಕು. ಕ್ರಿಯಾಟಿನಿನ್ ಮೇಲೆ ಕಣ್ಣಿಟ್ಟಿರಬೇಕಾದವರು ಪ್ರತಿ ಸಲ ಒಂದೇ ಲ್ಯಾಬಿನಲ್ಲಿ, ಒಂದೇ ವಿಧಾನದಲ್ಲಿ ಮಾಡಿಸಿ. ಹಿಂದಿನ ರಾತ್ರಿ ಮಾಂಸದೂಟ ಬೇಡ, ಬೇಯಿಸಿದ ಮಾಂಸದಿಂದ ಕ್ರಿಯಾಟಿನಿನ್ ನಿಜವಾಗಿಯೇ ಏರುತ್ತದೆ. ತಿನ್ನುವ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಮನೆಯಲ್ಲಿ ಯಾರಿಗಾದರೂ ಕೀಟೋನು ಏರಿದ್ದಾಗ, ಕಾಮಾಲೆ ಬಲಿತಿದ್ದಾಗ, ಅಥವಾ ಪರೀಕ್ಷೆ ಎಳೆ ಮಗುವಿನದಾದಾಗ, ಸಂಖ್ಯೆಗೆ ಹೆದರುವ ಮೊದಲು ಒಂದು ಪ್ರಶ್ನೆ ಕೇಳಿ: ‘ಡಾಕ್ಟ್ರೇ, ಇದನ್ನು ಯಾವ ವಿಧಾನದಲ್ಲಿ ಅಳೆದಿದ್ದಾರೆ?’