648 ಮಂದಿಯೇ ಏಕೆ?

ವೈದ್ಯಕೀಯ ಜರ್ನಲ್‌ಗೆ ಲೇಖನ ಕಳುಹಿಸುವ ಸಂಶೋಧಕರಿಗೆ ಪರಿಶೀಲಕರಿಂದ ಆಗಾಗ ಬರುವ ಆಕ್ಷೇಪ ಹೀಗಿರುತ್ತದೆ: "ಸ್ಯಾಂಪಲ್ ಸೈಜ್‌ಗೆ ಕೊಟ್ಟ ಸಮರ್ಥನೆ ಸಾಲದು. ಬಂದ ಫಲಿತಾಂಶದಿಂದ ಅಧ್ಯಯನದ ಪವರ್ ಎಷ್ಟೆಂದು ಲೆಕ್ಕ ಹಾಕಿ ತೋರಿಸಿ." ಇದಕ್ಕೆ ಉತ್ತರ ಬರೆಯುವ ಹೊಣೆ ತಂಡದ ಸಂಖ್ಯಾಶಾಸ್ತ್ರಜ್ಞರ ಪಾಲಿಗೆ ಬರುತ್ತದೆ. ಮೊದಲ ಮಾತಿಗೆ ಅವರು ವಿವರವಾಗಿ ಉತ್ತರಿಸಬೇಕು. ಎರಡನೆಯ ಬೇಡಿಕೆಯನ್ನು ಮಾತ್ರ ಕಾರಣ ಕೊಟ್ಟು ನಿರಾಕರಿಸಬೇಕು.

ಒಂದು ಅಧ್ಯಯನವನ್ನು ಊಹಿಸಿಕೊಳ್ಳೋಣ. ರಕ್ತಹೀನತೆ ಇರುವ ಗರ್ಭಿಣಿಯರಲ್ಲಿ ಒಂದು ಗುಂಪಿಗೆ ಕಬ್ಬಿಣಾಂಶದ ಮಾತ್ರೆ, ಇನ್ನೊಂದಕ್ಕೆ ಇಂಜೆಕ್ಷನ್. ಮಾತ್ರೆ ತೆಗೆದುಕೊಂಡವರಲ್ಲಿ ಹೆರಿಗೆಯ ಹೊತ್ತಿಗೂ ನೂರಕ್ಕೆ 30 ಮಂದಿಗೆ ರಕ್ತಹೀನತೆ ಉಳಿಯುತ್ತದೆ ಎಂದು ಆಸ್ಪತ್ರೆಯ ದಾಖಲೆಗಳು ಹೇಳುತ್ತವೆ. ಇಂಜೆಕ್ಷನ್ನಿನಿಂದ ಅದು 20ಕ್ಕೆ ಇಳಿದರೆ ಚಿಕಿತ್ಸೆ ಬದಲಾಯಿಸುವುದು ಸಾರ್ಥಕ ಎಂಬುದು ವೈದ್ಯರ ತೀರ್ಮಾನ. ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಅಪಾಯ ನೂರಕ್ಕೆ 5 ಮೀರಬಾರದು. ಅಷ್ಟು ವ್ಯತ್ಯಾಸ ನಿಜವಾಗಿಯೂ ಇದ್ದರೆ ಅದು ಕಣ್ಣಿಗೆ ಬೀಳುವ ಸಾಧ್ಯತೆ ನೂರಕ್ಕೆ 80 ಇರಬೇಕು. ಈ 80ಕ್ಕೇ ಪವರ್ ಎಂದು ಹೆಸರು. ಲೆಕ್ಕ ಹೀಗೆ ಸಾಗುತ್ತದೆ:

```
n = (1.96 + 0.84)² × (0.3×0.7 + 0.2×0.8) / (0.1)²
  = 7.84 × 0.37 / 0.01 ≈ 291
```

ಅಂದರೆ ಗುಂಪಿಗೆ 291 ಮಂದಿ. ನಡುವೆ ನೂರಕ್ಕೆ 10 ಮಂದಿ ಬಿಟ್ಟುಹೋಗಬಹುದು. ಹಾಗೆಂದು 291ಕ್ಕೆ ಅದರ ಹತ್ತರಲ್ಲೊಂದು ಪಾಲನ್ನು ಕೂಡಿಸಿ 321 ಎಂದುಬಿಡುವ ತಪ್ಪು ಬಹಳ ಕಡೆ ನಡೆಯುತ್ತದೆ. 321ರಲ್ಲಿ ಅಷ್ಟು ಮಂದಿ ಹೋದರೆ ಉಳಿಯುವವರು 289, ಇಬ್ಬರು ಕಡಿಮೆ. 291ನ್ನು 0.9ರಿಂದ ಭಾಗಿಸಬೇಕು, ಆಗ 324 ಬರುತ್ತದೆ. ಎರಡೂ ಗುಂಪು ಸೇರಿ 648.

ಸೂತ್ರವನ್ನು ಯಾವ ಸಾಫ್ಟ್‌ವೇರ್ ಬೇಕಾದರೂ ಬಿಡಿಸುತ್ತದೆ. ಪರಿಶೀಲಕರು ನಿಜಕ್ಕೂ ಕೇಳಬೇಕಾದದ್ದು, ಉತ್ತರ ಹೇಳಲೇಬೇಕಾದದ್ದು, ಆ 30 ಮತ್ತು 10 ಎಲ್ಲಿಂದ ಬಂದವು ಎಂಬುದು. ವ್ಯತ್ಯಾಸವನ್ನು 10ರ ಬದಲು 5 ಎಂದುಕೊಂಡರೆ ಗುಂಪಿಗೆ 1247 ಮಂದಿ ಬೇಕು, ನಾಲ್ಕು ಪಟ್ಟಿಗೂ ಹೆಚ್ಚು. ಹಾಗಾಗಿ ಕೈಗೆಟುಕುವ ಜನರ ಸಂಖ್ಯೆಗೆ ಹೊಂದುವಂತೆ ವ್ಯತ್ಯಾಸವನ್ನು ದೊಡ್ಡದು ಮಾಡಿಕೊಳ್ಳುವ ಆಸೆ ಸಹಜ. 10 ಎಂಬುದು ರೋಗಿಗೆ ಏಕೆ ಮುಖ್ಯ ಎಂದು ವೈದ್ಯರ ಮಾತಿನಲ್ಲಿ ಬರೆಯದ ಉತ್ತರ ಎಷ್ಟು ಸೂತ್ರ ತುಂಬಿದರೂ ಟೊಳ್ಳು. 30 ಎಂಬ ಅಂದಾಜು ತಪ್ಪಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಹೇಳಬೇಕು: 40ರಿಂದ 30ಕ್ಕೆ ಇಳಿಯುವುದಾಗಿದ್ದರೆ ಗುಂಪಿಗೆ 353 ಮಂದಿ ಬೇಕಾಗುತ್ತಿತ್ತು.

ಈಗ ಪರಿಶೀಲಕರ ಎರಡನೆಯ ಬೇಡಿಕೆ. ಅಧ್ಯಯನ ಮುಗಿದು, ಪ್ರತಿ ಗುಂಪಿನ 291 ಮಂದಿಯಲ್ಲಿ ಮಾತ್ರೆಯವರಲ್ಲಿ 84, ಇಂಜೆಕ್ಷನ್‌ನವರಲ್ಲಿ 70 ಮಂದಿಗೆ ರಕ್ತಹೀನತೆ ಉಳಿದಿದೆ ಎನ್ನೋಣ. ವ್ಯತ್ಯಾಸ ನೂರಕ್ಕೆ ಸುಮಾರು 5. ಪಿ ಮೌಲ್ಯ 0.19. ಈ 5ನ್ನೇ ಸೂತ್ರಕ್ಕೆ ಹಾಕಿದರೆ ಪವರ್ ನೂರಕ್ಕೆ 26ರಷ್ಟು ಬರುತ್ತದೆ. "ನೋಡಿ, ಅಧ್ಯಯನ ಚಿಕ್ಕದಾಯಿತು" ಎನ್ನಲು ಅಷ್ಟು ಸಾಕೇ? ಸಾಲದು. ಈ ಲೆಕ್ಕ ಪಿ ಮೌಲ್ಯವನ್ನೇ ಬೇರೆ ವೇಷದಲ್ಲಿ ಮರಳಿ ಹೇಳುತ್ತದೆ. ಪಿ ಮೌಲ್ಯ ಸರಿಯಾಗಿ 0.05 ಇದ್ದಾಗ ಇಂಥ ಪವರ್ ಹೆಚ್ಚುಕಡಿಮೆ 50 ಬರುತ್ತದೆ. ಅದಕ್ಕಿಂತ ದೊಡ್ಡದಾದರೆ ಇನ್ನೂ ಕಡಿಮೆ. ಹೀಗಾಗಿ ವ್ಯತ್ಯಾಸ ಕಾಣದ ಅಧ್ಯಯನ ಎಷ್ಟೇ ದೊಡ್ಡದಿದ್ದರೂ ಈ ಅಳತೆಯಲ್ಲಿ ಸೋಲುತ್ತದೆ. ಇದನ್ನು ಹೋನಿಗ್ ಮತ್ತು ಹೈಸಿ 2001ರಲ್ಲಿ 'ದಿ ಅಮೆರಿಕನ್ ಸ್ಟಾಟಿಸ್ಟಿಶಿಯನ್' ಪತ್ರಿಕೆಯಲ್ಲಿ ವಿವರವಾಗಿ ತೋರಿಸಿದ್ದಾರೆ.

ಹಾಗೆಂದು ಪರಿಶೀಲಕರ ಆತಂಕ ಹುರುಳಿಲ್ಲದ್ದಲ್ಲ. 1978ರಲ್ಲಿ ಫ್ರೈಮನ್ ಮತ್ತು ಸಂಗಡಿಗರು "ವ್ಯತ್ಯಾಸ ಇಲ್ಲ" ಎಂದಿದ್ದ 71 ಪ್ರಯೋಗಗಳನ್ನು ಮರುಪರಿಶೀಲಿಸಿದಾಗ, ನೂರಕ್ಕೆ 50ರಷ್ಟು ಸುಧಾರಣೆ ಇದ್ದರೂ ಅದನ್ನು ಕಾಣದೆ ಹೋಗುವ ಗಣನೀಯ ಅಪಾಯ ಅವುಗಳಲ್ಲಿ 50ಕ್ಕೆ ಇತ್ತು. ಆ ಆತಂಕಕ್ಕೆ ಸರಿಯಾದ ಉತ್ತರ ವಿಶ್ವಾಸಾಂತರದಲ್ಲಿದೆ. ನಮ್ಮ ಉದಾಹರಣೆಯಲ್ಲಿ ನೂರಕ್ಕೆ 95ರ ವಿಶ್ವಾಸಾಂತರ ಸುಮಾರು -2ರಿಂದ 12ರವರೆಗೆ ಹರಡಿದೆ. ಇಂಜೆಕ್ಷನ್‌ನಿಂದ ತುಸು ನಷ್ಟವೂ ಇರಬಹುದು, ವೈದ್ಯರು ಬಯಸಿದ 10ರ ಲಾಭವೂ ಇರಬಹುದು. ಆದ್ದರಿಂದ "ಎರಡೂ ಚಿಕಿತ್ಸೆ ಸಮ" ಎಂದು ಲೇಖನದಲ್ಲಿ ಬರೆದಿದ್ದರೆ ಸಂಖ್ಯಾಶಾಸ್ತ್ರಜ್ಞರು ಆ ವಾಕ್ಯವನ್ನು ತೆಗೆಸಬೇಕು. 648ನ್ನು ಸಮರ್ಥಿಸಿಕೊಳ್ಳುವುದೆಂದರೆ ತೀರ್ಮಾನವನ್ನೂ ಸಮರ್ಥಿಸುವುದಲ್ಲ.

ಇನ್ನು, ಆ ಲೆಕ್ಕ ನಿಜವಾಗಿಯೂ ಮೊದಲೇ ಆಗಿತ್ತು, ಆಮೇಲೆ ಹೊಂದಿಸಿದ್ದಲ್ಲ ಎಂಬುದಕ್ಕೆ ಪುರಾವೆ ಬೇಕು. ಭಾರತದಲ್ಲಿ ಅದಕ್ಕೆ ಸಿಟಿಆರ್‌ಐ ಎಂಬ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಕಡತ 2007ರ ಜುಲೈನಿಂದ ಇದೆ. ಪ್ರಯೋಗಕ್ಕೆ ಎಷ್ಟು ಮಂದಿಯನ್ನು ಸೇರಿಸಿಕೊಳ್ಳುವ ಉದ್ದೇಶವಿದೆ ಎಂಬುದನ್ನು ಅದರಲ್ಲಿ ದಾಖಲಿಸಬೇಕು, ಮತ್ತು ಯಾರು ಬೇಕಾದರೂ ಅದನ್ನು ಉಚಿತವಾಗಿ ತೆರೆದು ನೋಡಬಹುದು.