ನಾಲ್ಕು ಫೈಲು, ಒಂದು ವರದಿ

‘ಎಲ್ಲರೂ ನಿಮ್ಮ ನಿಮ್ಮ ಭಾಗ ಬೇಗ ಕಳಿಸಿ.’ ಕಾಲೇಜು ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಈ ಸಾಲಿಗೆ ಹೆಬ್ಬೆರಳುಗಳು ತಕ್ಷಣ ಬೀಳುತ್ತವೆ, ಫೈಲು ಮಾತ್ರ ಬರುವುದಿಲ್ಲ. ‘ಬೇಗ’ ಅಂದರೆ ಯಾವತ್ತು, ‘ನಿಮ್ಮ ಭಾಗ’ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದೇ ಅದರಲ್ಲಿಲ್ಲ.

ಊರಿನ ಕೆರೆಯ ಬಗ್ಗೆ ನಾಲ್ವರು ಮನೆಮನೆ ತಿರುಗಿ ಸಮೀಕ್ಷೆ ಮಾಡಿದ್ದಾರೆ ಅಂದುಕೊಳ್ಳಿ. ವರದಿ ಒಪ್ಪಿಸುವುದು 20ನೇ ತಾರೀಕು, ಶುಕ್ರವಾರ. ತಂಡದ ನಾಯಕಿ ದಿನಗಳನ್ನು ಹಿಂದಿನಿಂದ ಎಣಿಸುತ್ತಾಳೆ. ಪ್ರಿಂಟು, ಬೈಂಡಿಂಗಿಗೆ 19. ಮೇಷ್ಟ್ರು ಓದಿ ತಿದ್ದಲು 18. ನಾಲ್ಕು ಫೈಲು ಸೇರಿಸಿ ಒಂದು ಮಾಡಲು 17. ಹಾಗಾದರೆ ಎಲ್ಲರ ಭಾಗವೂ 16ರ ಸಂಜೆ ಆರಕ್ಕೆ ಕೈ ಸೇರಬೇಕು. ಇಲ್ಲೇ ಹಲವರು ಎಡವುವುದು. ಸಮೀಕ್ಷೆಯ ಕೋಷ್ಟಕಗಳೂ ಅವತ್ತೇ ಬಂದರೆ, ಅವನ್ನು ನೋಡಿ ವಿಶ್ಲೇಷಣೆ ಬರೆಯಬೇಕಾದವನು ಏನು ಬರೆದಾನು? ಕೋಷ್ಟಕದವಳಿಗೆ 12 ಎಂದು ಬೇರೆ ಗಡುವು ಕೊಡಬೇಕು. ಸಾರಾಂಶವನ್ನು ಯಾರಿಗೂ ಹಂಚದೆ, ಫೈಲು ಸೇರಿಸುವವಳೇ ಕೊನೆಗೆ ಬರೆಯುವುದು ಒಳ್ಳೆಯದು. ಪೂರ್ತಿ ವರದಿ ಓದಿರುವುದು ಅವಳೊಬ್ಬಳೇ.

ಹೀಗಾಗಿ ಅವಳ ಸಂದೇಶ ಸುಮಾರು ಹೀಗಿರುತ್ತದೆ: ‘ಪೀಠಿಕೆ ಮತ್ತು ಕೆರೆಯ ಹಿನ್ನೆಲೆ ನೀನು, ನಾಲ್ಕು ಪುಟ, 16 ಸೋಮವಾರ ಸಂಜೆ 6. ಅಕ್ಷರ ತುಂಗಾ, ಗಾತ್ರ 12, ಸಾಲಿನ ಅಂತರ ಒಂದೂವರೆ. ಎಡಗಡೆ ಒಂದೂವರೆ ಇಂಚು ಬಿಡು, ಬೈಂಡಿಂಗಿನಲ್ಲಿ ಅಕ್ಷರ ಮುಚ್ಚಿಹೋಗುತ್ತೆ. ಪುಟಸಂಖ್ಯೆ ಹಾಕಬೇಡ, ಕೊನೆಯಲ್ಲಿ ನಾನು ಹಾಕ್ತೀನಿ. ಪಿಡಿಎಫ್ ಬೇಡ, ವರ್ಡ್ ಫೈಲೇ ಕಳಿಸು.’

ಅಕ್ಷರದ ಹೆಸರು ಹೇಳಿದರೂ ಕನ್ನಡದಲ್ಲಿ ಇನ್ನೊಂದು ಮಾತು ಸೇರಿಸಲೇಬೇಕು: ‘ಯೂನಿಕೋಡಿನಲ್ಲಿ ಟೈಪ್ ಮಾಡಿ.’ ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದಂಥವು. ಪರದೆಯ ಮೇಲೆ ಕನ್ನಡವೇ ಕಾಣುತ್ತದೆ, ಫೈಲಿನೊಳಗೆ ಇರುವುದು ಬೇರೆ. ಸೇರಿಸುವಾಗ ಎಲ್ಲಕ್ಕೂ ತುಂಗಾ ಕೊಟ್ಟರೆ ‘ಕನ್ನಡ’ ಎಂಬ ಪದ PÀ£ÀßqÀ ಎಂದಾಗಿ ನಿಲ್ಲುತ್ತದೆ. ಊರಿನ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಭಾಗದಲ್ಲಿ ಈ ಪಾಡು ಹೆಚ್ಚು. ಪರೀಕ್ಷಿಸುವುದು ಸುಲಭ: ಒಂದು ಸಾಲನ್ನು ನಕಲಿಸಿ ವಾಟ್ಸಾಪಿಗೆ ಅಂಟಿಸಿ. ಅಲ್ಲೂ ಕನ್ನಡವಾಗೇ ಉಳಿದರೆ ಯೂನಿಕೋಡ್. ಇಲ್ಲದಿದ್ದರೆ ಪರಿವರ್ತಕ ತಂತ್ರಾಂಶಗಳಿವೆ, ಆದರೆ ಅರ್ಕಾವತ್ತು, ಒತ್ತಕ್ಷರ ಬಂದಲ್ಲೆಲ್ಲ ಮತ್ತೆ ಕಣ್ಣಾಡಿಸಬೇಕಾಗುತ್ತದೆ.

ಈ ಪರೀಕ್ಷೆಯನ್ನು 17ರ ರಾತ್ರಿಗೆ ಇಟ್ಟುಕೊಂಡರೆ ಕೆಲಸ ಕೆಟ್ಟಿತು. ಜಾಣ ನಾಯಕಿ ಸಂದೇಶದ ಕೊನೆಗೆ ಇಷ್ಟು ಸೇರಿಸುತ್ತಾಳೆ: ‘ನಾಳೆ 10ನೇ ತಾರೀಕು ರಾತ್ರಿಯೊಳಗೆ ಪ್ರತಿಯೊಬ್ಬರೂ ನಿಮ್ಮ ಭಾಗದ ಮೊದಲ ಐದು ಸಾಲು ಇಲ್ಲೇ ಅಂಟಿಸಿ. ಹೆಬ್ಬೆರಳು ಬೇಡ.’