ಬಸುರಿ ಅಕ್ಕನಿಗೆ ಗೌರಿ ಹಬ್ಬದ ಶುಭಾಶಯ

ಚೊಚ್ಚಲ ಬಸುರಿಯ ಸುದ್ದಿಯನ್ನು ಅನೇಕ ಮನೆಗಳಲ್ಲಿ ಮೊದಲ ಮೂರು ತಿಂಗಳು ಬಾಯಿಬಿಟ್ಟು ಹೇಳುವುದಿಲ್ಲ. ದೃಷ್ಟಿಯಾದೀತೆಂಬ ಅಳುಕು ಒಂದಾದರೆ, ಗರ್ಭಪಾತಗಳು ಹೆಚ್ಚಾಗಿ ಆ ಅವಧಿಯಲ್ಲೇ ಆಗುತ್ತವೆ ಎಂಬುದು ಇನ್ನೊಂದು ಕಾರಣ. ಹಾಗಾಗಿ ದೊಡ್ಡಮ್ಮನ ಮಗಳು ತಾನಾಗಿಯೇ ಸುದ್ದಿ ತಿಳಿಸಿದ್ದರೆ ಮಾತ್ರ ಹಬ್ಬದ ಶುಭಾಶಯದಲ್ಲಿ ಮಗುವಿನ ಮಾತು ಬರಬೇಕು. ಅದೂ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಲ್ಲ, ಅವಳೊಬ್ಬಳಿಗೇ.

ಶುಭಾಶಯದಲ್ಲಿ ಹಬ್ಬ ಮೊದಲು, ತಾಯಿಯ ಆರೋಗ್ಯ ಆಮೇಲೆ, ಮಗು ಕೊನೆಗೆ. ಉದಾಹರಣೆಗೆ: ‘ಅಕ್ಕಾ, ಗೌರಿ ಹಬ್ಬದ ಶುಭಾಶಯ. ಅಮ್ಮ ಬಾಗಿನ ಕಳಿಸಿದ್ದಾಳೆ. ಹೆಚ್ಚು ಹೊತ್ತು ನಿಲ್ಲಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ಗೌರಮ್ಮ ನಿನ್ನನ್ನೂ ಮಡಿಲ ಕಂದನನ್ನೂ ಚೆನ್ನಾಗಿಟ್ಟಿರಲಿ.’

ಇಲ್ಲಿ ಮಗುವಿನ ಮಾತು ‘ಇಟ್ಟಿರಲಿ’ ಎಂಬ ಹಾರೈಕೆಯಾಗಿದೆ. ‘ಮುಂದಿನ ಗೌರಿಗೆ ಮಗು ಎತ್ತಿಕೊಂಡೇ ಬರ್ತೀಯ’ ಎಂದರೆ ಅದು ಭವಿಷ್ಯ ನುಡಿದಂತೆ, ಅಳುಕುವವರಿಗೆ ಚುಚ್ಚುತ್ತದೆ. ‘ಗಂಡಾಗಲಿ’ ಎಂಬ ಹರಕೆ, ಎಷ್ಟನೇ ತಿಂಗಳು, ಸ್ಕ್ಯಾನಿಂಗ್‌ನಲ್ಲಿ ಏನಂದರು ಎಂಬ ಪ್ರಶ್ನೆಗಳೂ ಬೇಡ. ಹಿಂದೊಮ್ಮೆ ಗರ್ಭ ನಿಲ್ಲದೆ ನೊಂದವಳಾದರೆ ಕಂದನ ಮಾತನ್ನೂ ಬಿಟ್ಟು, ‘ಗೌರಮ್ಮ ನಿನ್ನನ್ನು ಚೆನ್ನಾಗಿಟ್ಟಿರಲಿ’ ಎಂದರೆ ಸಾಕು. ಉಳಿದದ್ದು ಅವಳಿಗೆ ಅರ್ಥವಾಗುತ್ತದೆ.